ಅಜ್ಜನ ಮುನಿಸನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿದ್ದೇವೆ. 14 ವರ್ಷದ ಮಗಳಿಗೆ ಕನ್ನಡ ಕೇಳಿದರೆ ಅಷ್ಟಿಷ್ಟು ತಿಳಿಯುತ್ತದೆ, ಓದಲು ಬರುವುದಿಲ್ಲ. ಧಾರವಾಡದಿಂದ ನನ್ನ ತಾಯಿ ಅವಳಿಗೆ ಹೀಗೆ ಬರೆದಿದ್ದಾರೆ: "ನೀನು ಈ ಸಲವೂ ಪಂಚಮಿಗೆ ಬರಲಿಲ್ಲವೆಂದು ಅಜ್ಜನಿಗೆ ನಿನ್ನ ಮೇಲೆ ಮುನಿಸು. ಹಂಬಲಿಸಿ ಹಂಬಲಿಸಿ ಸುಮ್ಮನಾಗಿದ್ದಾರೆ. ತಾವಾಗಿ ಫೋನ್ ಮಾಡಲು ಬಿಗುಮಾನ. ನಿನ್ನ ಮೇಲೆ ಅವರಿಗೆ ಎಷ್ಟು ಅಭಿಮಾನವೆಂದು ನಿನಗೆ ಗೊತ್ತಿಲ್ಲ. ನೀನಿಲ್ಲದೆ ಮನೆ ಬಿಕೋ ಎನ್ನುತ್ತಿದೆ." ನಾನು ಮುನಿಸಿಗೆ 'ಆ್ಯಂಗ್ರಿ' ಎಂದೆ, ಬಿಗುಮಾನಕ್ಕೂ ಅಭಿಮಾನಕ್ಕೂ 'ಪ್ರೈಡ್' ಎಂದೆ. ಅವಳು ಅತ್ತಳು. "ಹಾಗಾದರೆ ನಾನೂ ಅವರ ಜೊತೆ ಮಾತನಾಡುವುದಿಲ್ಲ" ಎನ್ನುತ್ತಿದ್ದಾಳೆ. ನಾನು ಎಲ್ಲಿ ತಪ್ಪಿದೆ?

ಉತ್ತರ: ನಿಮ್ಮ ತಾಯಿಯವರ ಐದು ವಾಕ್ಯಗಳನ್ನು ಮತ್ತೆ ಮತ್ತೆ ಓದಿದೆ. ಅವುಗಳಲ್ಲಿ ಎಲ್ಲಿಯೂ ಕೋಪವಿಲ್ಲ, ಅಹಂಕಾರವೂ ಇಲ್ಲ. ಆದರೆ ನಿಮ್ಮ ಮಗಳ ಕಿವಿಗೆ ಬಿದ್ದ ಇಂಗ್ಲಿಷಿನಲ್ಲಿ ಆ ಎರಡೇ ಉಳಿದವು. ಅಜ್ಜನಿಗೆ ಕೋಪ ಬಂದಿದೆ, ಅಜ್ಜ ಜಂಭದವರು ಎಂದು ಕೇಳಿದ ಹುಡುಗಿ ಅತ್ತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇದೇ ತಪ್ಪನ್ನು ನಾನೂ ಮಾಡಿದ್ದೇನೆ. ಕನ್ನಡದ ಕತೆಗಳನ್ನು ಇಂಗ್ಲಿಷಿಗೆ ತರಲು ತೊಡಗಿದ ಹೊಸದರಲ್ಲಿ, ಹೆಂಡತಿ ಗಂಡನ ಮೇಲೆ ಮುನಿಸಿಕೊಂಡು ಅಡುಗೆಮನೆ ಸೇರುವ ಒಂದು ಸನ್ನಿವೇಶದಲ್ಲಿ ನಾನು 'ಆ್ಯಂಗ್ರಿ' ಎಂದೇ ಹಾಕಿದ್ದೆ. ಕರಡನ್ನು ಓದಿದ ಸಂಪಾದಕಿ ಅಂಚಿನಲ್ಲಿ, ಈಕೆಗೆ ಗಂಡನ ಮೇಲೆ ಇಷ್ಟು ದ್ವೇಷವೇಕೆ ಎಂದು ಬರೆದು ಕಳುಹಿಸಿದರು. ಆ ಕತೆಯಲ್ಲಿ ದ್ವೇಷದ ನೆರಳೂ ಇರಲಿಲ್ಲ. ಮದುವೆಯಾದ ಹೊಸದರ ಸಲಿಗೆಯಷ್ಟೇ ಇತ್ತು. ಒಂದು ಪದ ಇಡೀ ಹೆಣ್ಣಿನ ಸ್ವಭಾವವನ್ನೇ ಬದಲಾಯಿಸಿಬಿಟ್ಟಿತ್ತು. ಅಂದಿನಿಂದ ಭಾವನೆಯ ಪದ ಬಂದಾಗಲೆಲ್ಲ ನಿಘಂಟನ್ನು ತೆರೆಯುವ ಮುಂಚೆ ಒಂದು ಕೆಲಸ ಮಾಡುತ್ತೇನೆ. ಈ ಭಾವನೆ ಯಾರಿಗೆ ಯಾರ ಮೇಲೆ ಬರಬಲ್ಲದು, ಏನಾದರೆ ಬರುತ್ತದೆ, ಏನು ಮಾಡಿದರೆ ಹೋಗುತ್ತದೆ ಎಂದು ಬರೆದುಕೊಳ್ಳುತ್ತೇನೆ. ಪೋಲೆಂಡಿನಲ್ಲಿ ಹುಟ್ಟಿ ಆಸ್ಟ್ರೇಲಿಯಾದಲ್ಲಿ ನೆಲೆಸಿದ ಭಾಷಾಶಾಸ್ತ್ರಜ್ಞೆ ಆನ್ನಾ ವಿಯರ್ಜ್‌ಬಿಕಾ ಇಂಥ ದಾರಿಯನ್ನೇ ಶಾಸ್ತ್ರೀಯವಾಗಿ ಬೆಳೆಸಿದ್ದಾರೆ. ಒಂದು ಭಾಷೆಯ ಭಾವನೆಯನ್ನು ಇನ್ನೊಂದು ಭಾಷೆಯ ಭಾವನೆಯ ಹೆಸರಿನಿಂದ ವಿವರಿಸಬೇಡಿ, 'ಅವನು ಹೀಗೆ ಅಂದುಕೊಳ್ಳುತ್ತಾನೆ, ಅದರಿಂದ ಅವನಿಗೆ ಹೀಗೆ ಅನಿಸುತ್ತದೆ' ಎಂಬಂಥ ಸರಳ ಮಾತುಗಳಲ್ಲಿ ಬಿಡಿಸಿ ಹೇಳಿ ಎಂಬುದು ಅವರ ವಾದ. ಆ ದಾರಿಯಲ್ಲಿಯೇ ನಿಮ್ಮ ಕಾಗದವನ್ನು ಬಿಡಿಸುತ್ತೇನೆ.

ಮುನಿಸಿನಿಂದಲೇ ಆರಂಭಿಸಬೇಕು, ಏಕೆಂದರೆ ಉಳಿದ ನಾಲ್ಕು ವಾಕ್ಯಗಳೂ ಅದರ ಮೇಲೆ ನಿಂತಿವೆ.

ಈ ಪದ ಯಾರ ಮೇಲೆ ಸಲ್ಲುತ್ತದೆ ಎಂಬುದನ್ನು ಮೊದಲು ನೋಡಿ. ಚಿಲ್ಲರೆ ಕೊಡದ ಬಸ್ ಕಂಡಕ್ಟರ್ ಮೇಲೆ ನಿಮಗೆ ಸಿಟ್ಟು ಬರಬಹುದು, ಕೋಪ ಬರಬಹುದು, ರೇಗಬಹುದು. ಮುನಿಸು ಮಾತ್ರ ಸಾಧ್ಯವಿಲ್ಲ. ಆತ ನಿಮ್ಮವನಲ್ಲ. ಮುನಿಸು ಹುಟ್ಟಲು ನಂಟು ಬೇಕು. ಪತ್ರಿಕೆಗಳ ರಾಜಕೀಯ ಸುದ್ದಿಯಲ್ಲಿಯೂ ಈ ನಿಯಮ ತಪ್ಪುವುದಿಲ್ಲ. ಸಚಿವ ಸ್ಥಾನ ಸಿಗದ ಶಾಸಕರು ತಮ್ಮ ಪಕ್ಷದ ವರಿಷ್ಠರ ಮೇಲೆ ಮುನಿಸಿಕೊಳ್ಳುತ್ತಾರೆ, ಹಿರಿಯರೊಬ್ಬರು ಅವರ ಮನೆಗೆ ಹೋಗಿ ಮುನಿಸು ಶಮನ ಮಾಡುತ್ತಾರೆ. ವಿರೋಧ ಪಕ್ಷದವರು ಸರ್ಕಾರದ ಮೇಲೆ ಹರಿಹಾಯುತ್ತಾರೆ, ಕಿಡಿಕಾರುತ್ತಾರೆ, ಆದರೆ ಮುನಿಸಿಕೊಳ್ಳುವುದಿಲ್ಲ. ಜೂನ್ ಕಳೆದರೂ ಮಳೆ ಬಾರದಿದ್ದರೆ 'ವರುಣನ ಮುನಿಸು' ಎಂದು ಶೀರ್ಷಿಕೆ ಕೊಡುತ್ತಾರಲ್ಲ, ಅಲ್ಲಿಯೂ ಇದೇ ಭಾವ. ಮಳೆ ನಮ್ಮ ಮೇಲೆ ದಂಡೆತ್ತಿ ಬಂದಿಲ್ಲ. ಬರಬೇಕಾಗಿದ್ದ ನೆಂಟ ಏನೋ ಬೇಸರದಿಂದ ಬಾಗಿಲಾಚೆಯೇ ಉಳಿದಂತೆ ನಮಗೆ ತೋರುತ್ತದೆ.

ಇನ್ನು ಕ್ರಿಯಾಪದ. ಸಿಟ್ಟು 'ನನಗೆ ಬಂತು' ಎನ್ನುತ್ತೇವೆ. ಅದು ಹೊರಗಿನಿಂದ ಬರುವ ಜ್ವರದ ಹಾಗೆ, ಬರುವುದೂ ಇಳಿಯುವುದೂ ನಮ್ಮ ಕೈಯಲ್ಲಿಲ್ಲ. ಮುನಿಸಿನ ವಿಷಯದಲ್ಲಿ ನಾವು ಸಾಮಾನ್ಯವಾಗಿ 'ಮುನಿಸಿಕೊಂಡರು' ಎನ್ನುತ್ತೇವೆ. ಉಟ್ಟುಕೊಂಡರು, ಹೊದ್ದುಕೊಂಡರು ಎಂಬಲ್ಲಿ ಬರುವ ಅದೇ 'ಕೊಳ್ಳು' ಇಲ್ಲಿಯೂ ಇದೆ. ತನಗಾಗಿ, ತನ್ನ ಮೇಲೆ, ತಾನೇ ತೆಗೆದುಕೊಳ್ಳುವುದನ್ನು ಅದು ಸೂಚಿಸುತ್ತದೆ. 'ಸಿಟ್ಟು ಮಾಡಿಕೊಂಡ' ಎಂದೂ ಹೇಳುವುದುಂಟು, ಹಾಗೆ ಹೇಳಿದಾಗ ಸಿಟ್ಟೂ ಮುನಿಸಿನ ಕಡೆಗೆ ವಾಲುತ್ತದೆ. ಅಂದರೆ ಮುನಿಸು ಒಂದು ಭಾವನೆಯೂ ಹೌದು, ತೆಗೆದುಕೊಂಡ ಒಂದು ನಿಲುವೂ ಹೌದು. ಆ ನಿಲುವಿನ ತಿರುಳು ಇಷ್ಟು: ನೀನು ನನ್ನವಳು, ನೀನು ಇದನ್ನು ಮಾಡುತ್ತೀಯೆಂದು ನಾನು ಎದುರು ನೋಡಿದ್ದೆ, ನೀನು ಮಾಡಲಿಲ್ಲ, ನನಗೆ ನೋವಾಗಿದೆ, ಬಾಯಿಬಿಟ್ಟು ಹೇಳಲಾರೆ, ನೀನೇ ಕಂಡುಕೊಂಡು ನನ್ನ ಹತ್ತಿರ ಬರಬೇಕು.

ಆ ಕೊನೆಯ ತುಂಡೇ ಇಂಗ್ಲಿಷಿನ 'ಆ್ಯಂಗ್ರಿ' ಎಂಬಲ್ಲಿ ಬಿದ್ದುಹೋಗುವುದು. ಆ್ಯಂಗ್ರಿ ಆದವರಿಂದ ದೂರವಿರುವುದು ಜಾಣತನ. ಮುನಿಸಿಕೊಂಡವರಿಂದ ದೂರ ಉಳಿದರೆ ಅದು ಎರಡನೆಯ ತಪ್ಪಾಗುತ್ತದೆ. ನಿಮ್ಮ ಮಗಳು ಈಗ ಮಾಡಲು ಹೊರಟಿರುವುದು ಅದನ್ನೇ, ಅದೂ ತಾನು ಕೇಳಿದ ಪದಕ್ಕೆ ತಕ್ಕ ಹಾಗೆ, ಸರಿಯಾಗಿಯೇ ನಡೆದುಕೊಳ್ಳುತ್ತಿದ್ದೇನೆಂಬ ನಂಬಿಕೆಯಿಂದ. ಅವಳನ್ನು ದೂರಬೇಡಿ.

ಮುನಿಸಿಗೆ ಜೋಡಿಯಾಗಿ ಕನ್ನಡದಲ್ಲಿ ಇನ್ನೊಂದು ಕಡೆಯವರು ಮಾಡಬೇಕಾದ ಕೆಲಸಕ್ಕೂ ಹೆಸರುಗಳಿವೆ. ರಮಿಸುವುದು ಒಂದು. ಊಟ ಬೇಡವೆಂದು ಮುಖ ತಿರುಗಿಸಿದ ಮಗುವನ್ನು ತಾಯಿ ರಮಿಸುತ್ತಾಳೆ. ಸಂಸ್ಕೃತದಿಂದ ಬಂದ ಪದವಾದರೂ ಮನೆಮಾತಿನಲ್ಲಿ ಅದಕ್ಕೆ ಒಲಿಸಿ ಸಮಾಧಾನ ಮಾಡುವುದೆಂಬ ಅರ್ಥ ಗಟ್ಟಿಯಾಗಿದೆ. ಇನ್ನೊಂದು ಮಾತನಾಡಿಸುವುದು. ಈ ಪದವನ್ನು ನಾವು ದಿನವೂ ಬಳಸುತ್ತೇವೆ, ಅದರ ಒಳಗಿರುವುದನ್ನು ಗಮನಿಸುವುದಿಲ್ಲ. ಮಾತನಾಡುವುದು ಬೇರೆ, ಮಾತನಾಡಿಸುವುದು ಬೇರೆ. ಎದುರಿನವರು ಮಾತನಾಡುವಂತೆ ಮಾಡುವುದು ಮಾತನಾಡಿಸುವುದು. ಮದುವೆಮನೆಯಲ್ಲಿ ಒಬ್ಬ ನೆಂಟರು ಮೂಲೆಯಲ್ಲಿ ಮುಖ ಗಂಟಿಕ್ಕಿ ಕುಳಿತಿದ್ದರೆ ಹಿರಿಯರು ಮನೆಯವರಿಗೆ ಹೇಳುವುದು "ಹೋಗಿ ಅವರನ್ನೊಮ್ಮೆ ಮಾತನಾಡಿಸಿ" ಎಂದು. ಆ ನೆಂಟರಿಗೆ ಯಾರೂ "ಹೀಗೆಲ್ಲ ಕೂರಬಾರದು" ಎಂದು ಬುದ್ಧಿ ಹೇಳುವುದಿಲ್ಲ.

ಹೀಗಾಗಿಯೇ ಇಂಗ್ಲಿಷಿನ 'ಸಲ್ಕ್' ಎಂಬ ಪದವೂ ಇಲ್ಲಿ ಕೆಲಸಕ್ಕೆ ಬಾರದು. ಹೊರನೋಟಕ್ಕೆ ಅದು ಬಹಳ ಹತ್ತಿರದ್ದು: ಮಾತು ಬಿಡುವುದು, ಮುಖ ಊದಿಸುವುದು, ಕಾಯುವುದು, ಎಲ್ಲವೂ ಅದರಲ್ಲಿದೆ. ಆದರೆ ಆ ಪದದಲ್ಲಿ ತೀರ್ಪೂ ಸೇರಿದೆ. ಸಲ್ಕ್ ಮಾಡುವವರು ಚಿಕ್ಕ ಮಕ್ಕಳ ಹಾಗೆ ಆಡುತ್ತಿದ್ದಾರೆ, ತಪ್ಪು ಅವರದೇ ಎಂದು ಇಂಗ್ಲಿಷ್ ಕಿವಿಗೆ ಕೇಳಿಸುತ್ತದೆ. ಮುನಿಸಿನಲ್ಲಿ ತಪ್ಪಿನ ಭಾರ ಮುನಿಸಿಕೊಂಡವರ ಮೇಲೆ ಇರುವುದಿಲ್ಲ. ಹೆಚ್ಚೆಂದರೆ ಇಬ್ಬರ ನಡುವೆ ಹಂಚಿಕೆಯಾಗುತ್ತದೆ. ಕನ್ನಡದಲ್ಲಿ ಸಲ್ಕ್‌ಗೆ ಹತ್ತಿರದ ಪದ ಬೇಕಿದ್ದರೆ ಸೆಡವು ಎನ್ನಬಹುದು. ಅದರಲ್ಲಿ ಪ್ರೀತಿಯ ಪಾಲು ಕಡಿಮೆ, ಮೊಂಡುತನದ ಪಾಲು ಹೆಚ್ಚು. ನಿಮ್ಮ ತಾಯಿ ಸೆಡವು ಎಂದು ಬರೆದಿಲ್ಲ ಎಂಬುದನ್ನು ಗಮನಿಸಿ.

ನಿಘಂಟು ಮುನಿಸಿಗೆ ಕೋಪವೆಂದು ಅರ್ಥ ಕೊಟ್ಟರೆ ಅದು ಸುಳ್ಳೆಂದು ಹೇಳಲಾರೆ. 12ನೆಯ ಶತಮಾನದ ಬಸವಣ್ಣನವರು 'ಮುನಿಯಬೇಡ' ಎಂದಾಗ ಅದು ಯಾರ ಮೇಲೂ ಕೋಪಿಸಿಕೊಳ್ಳಬೇಡ ಎಂಬ ಮಾತೇ. ತನಗೆ ಮುನಿವರಿಗೆ ತಾನೇಕೆ ಮುನಿಯಬೇಕು ಎಂದು ಕೇಳುವ ಅವರ ಇನ್ನೊಂದು ವಚನ, ಮುಂದಿನ ಸಾಲುಗಳಲ್ಲಿ ಅದನ್ನೇ ಕೋಪವೆಂದು ಕರೆದು, ಮನೆಯೊಳಗಿನ ಕಿಚ್ಚಿಗೆ ಹೋಲಿಸುತ್ತದೆ. ತಮಿಳಿನಲ್ಲಿಯೂ 'ಮುನಿ' ಎಂಬ ಇದೇ ಧಾತುವಿಗೆ ಕೋಪಿಸು, ಒಲ್ಲೆನೆನ್ನು ಎಂಬ ಅರ್ಥಗಳಿವೆ. ಕಾಲ ಸರಿದಂತೆ ಕೋಪ, ಸಿಟ್ಟು, ರೋಷ, ಆಕ್ರೋಶಗಳು ಬಿಸಿಯ ಪಾಲನ್ನು ಹಂಚಿಕೊಂಡವು, ಮುನಿಸಿಗೆ ಒಲುಮೆಯೊಳಗಿನ ನೋವು ಉಳಿಯಿತು. ಹಳೆಯ ಪದ್ಯವನ್ನು ಅನುವಾದ ಮಾಡುವಾಗ ಆ್ಯಂಗರ್ ಸರಿಯಾಗಬಹುದು, ಇಂದಿನ ಅಜ್ಜಿಯ ಕಾಗದಕ್ಕೆ ಅದು ಸಲ್ಲುವುದಿಲ್ಲ.

ಹಾಗಾದರೆ ಏನೆಂದು ಹೇಳಬೇಕು? ಒಂದೇ ಪದ ಬೇಕೇಬೇಕೆಂದರೆ 'ಹರ್ಟ್' ಎನ್ನಿ. ಅದು ನೋವನ್ನು ಸರಿಯಾಗಿ ಹೇಳುತ್ತದೆ, ಕಾಯುವುದನ್ನು ಹೇಳುವುದಿಲ್ಲ. ಆದ್ದರಿಂದ ಅದರ ಬೆನ್ನಿಗೆ ಇನ್ನೊಂದು ವಾಕ್ಯ ಸೇರಿಸಲೇಬೇಕು: ನೀನಾಗಿ ಬಂದು ಮಾತನಾಡಿಸುವೆಯೆಂದು ಅಜ್ಜ ಕಾಯುತ್ತಿದ್ದಾರೆ. ಒಂದು ಕನ್ನಡ ಪದಕ್ಕೆ ಎರಡು ಇಂಗ್ಲಿಷ್ ವಾಕ್ಯಗಳಾದವಲ್ಲ ಎಂದು ಹಿಂಜರಿಯಬೇಡಿ. ಪದಕ್ಕೆ ಪದ ಇಟ್ಟದ್ದರಿಂದಲೇ ಈ ತೊಂದರೆ ಬಂದದ್ದು.

ಬಿಗುಮಾನ ಇದರ ಮುಂದಿನ ಹಂತ. ಮುನಿಸಿಕೊಂಡವರಿಗೆ ಒಂದೆರಡು ವಾರದಲ್ಲಿ ತಾವೇ ಮಾತನಾಡಬೇಕೆನಿಸುತ್ತದೆ, ಮೊದಲ ಹೆಜ್ಜೆ ಇಡಲು ಮಾತ್ರ ಆಗುವುದಿಲ್ಲ. ಆ ತಡೆಯೇ ಬಿಗುಮಾನ. ಪದವನ್ನು ಒಡೆದು ನೋಡಿದರೆ ಬಿಗು ಮತ್ತು ಮಾನ: ಬಿಗಿಯಾದ, ಸಡಿಲಗೊಳ್ಳದ ಮಾನ. ಹಗ್ಗ ಬಿಗಿದಿದೆ, ಅಂಗಿಯ ಗುಂಡಿ ಬಿಗಿಯಾಗಿದೆ ಎನ್ನುವಾಗಿನ ಬಿಗಿಯ ಬಳಗದ್ದೇ ಈ ಬಿಗು. ಬಿಗಿದುಕೊಂಡಿರುವವರಿಗೂ ಅದು ಸುಖದ ಸ್ಥಿತಿಯಲ್ಲ ಎಂಬುದು ಪದದಲ್ಲಿಯೇ ಇದೆ. 'ಬಿಗುಮಾನ ಬಿಟ್ಟು ಮಾತನಾಡಿ' ಎಂದು ಹೇಳುತ್ತೇವೆ, ಕಟ್ಟಿದ್ದನ್ನು ಬಿಚ್ಚುವ ಹಾಗೆ.

ಇದಕ್ಕೆ ಬರಿಯ 'ಪ್ರೈಡ್' ಎಂದರೆ ಕೇಳಿದವರಿಗೆ ತಾನು ಮೇಲು ಎನ್ನುವ ಮನುಷ್ಯ ಕಣ್ಣಿಗೆ ಕಟ್ಟುತ್ತಾನೆ. ಬಿಗುಮಾನದಲ್ಲಿ ಮೇಲು ಕೀಳಿನ ಲೆಕ್ಕವಿಲ್ಲ. ತಾನು ಮೊದಲು ಬಾಗಿದರೆ ತನ್ನ ನೋವು ಸುಳ್ಳಾಗಿಬಿಡುತ್ತದೆಯೇನೋ ಎಂಬ ಅಳುಕು ಅದು. ಇಂಗ್ಲಿಷಿನಲ್ಲಿ ಇದನ್ನು ಹೇಳಲು ಒಳ್ಳೆಯ ದಾರಿಯಿದೆ, ನಾಮಪದವನ್ನು ಬಿಟ್ಟು ಕ್ರಿಯೆಯನ್ನು ಹಿಡಿಯಬೇಕು: ಅಜ್ಜನಿಗೆ ಫೋನ್ ಮಾಡುವ ಆಸೆ ತುಂಬ ಇದೆ, ಮೊದಲು ತಾವೇ ಮಾಡಲು ಮನಸ್ಸು ಒಪ್ಪುತ್ತಿಲ್ಲ. ಹೀಗೆ ಹೇಳಿದರೆ 14 ವರ್ಷದ ಹುಡುಗಿಗೆ ಖಂಡಿತ ಅರ್ಥವಾಗುತ್ತದೆ. ಗೆಳತಿಯೊಡನೆ ಜಗಳವಾಡಿ, ಮೊಬೈಲ್ ಹಿಡಿದುಕೊಂಡು, ಬರೆದ ಸಂದೇಶವನ್ನು ಕಳುಹಿಸದೆ ಅಳಿಸಿದ ಅನುಭವ ಆ ವಯಸ್ಸಿನಲ್ಲಿ ಯಾರಿಗಿಲ್ಲ?

ಈಗ ಅಭಿಮಾನ. ನಿಮ್ಮ ಅನುವಾದದಲ್ಲಿ ಹೆಚ್ಚು ಹಾನಿ ಆದದ್ದು ಇಲ್ಲಿ ಎಂದು ನನಗನಿಸುತ್ತದೆ, ಏಕೆಂದರೆ ಇಡೀ ಕಾಗದದಲ್ಲಿ ಪ್ರೀತಿಯನ್ನು ನೇರವಾಗಿ ಹೇಳಿರುವ ಒಂದೇ ವಾಕ್ಯ ಇದು. ಅಭಿಮಾನ ಸಂಸ್ಕೃತದ ಪದ, ಭಾರತದ ಅನೇಕ ಭಾಷೆಗಳಲ್ಲಿದೆ, ಒಂದೊಂದು ಕಡೆ ಒಂದೊಂದು ಬಣ್ಣ ತಳೆದಿದೆ. ಹಿಂದಿಯಲ್ಲಿ ಅದು ಹೆಚ್ಚಾಗಿ ಗರ್ವ. ಬಂಗಾಳಿಯಲ್ಲಿ ಅದೇ ಪದಕ್ಕೆ, ತೀರ ಹತ್ತಿರದವರು ನೋಯಿಸಿದಾಗ ಹುಟ್ಟುವ ಮುನಿಸು ಎಂದರ್ಥ. ಅಂದರೆ ಬಂಗಾಳಿಯವರು ಅಭಿಮಾನ ಎನ್ನುವ ಕಡೆ ನಾವು ಮುನಿಸು ಎನ್ನುತ್ತೇವೆ. ಬಂಗಾಳಿ ಕಾದಂಬರಿಗಳನ್ನು ಕನ್ನಡಕ್ಕೆ ತರುವವರು ಎಚ್ಚರ ತಪ್ಪಿದರೆ ಎಡವುವ ಜಾಗ ಇದು. ಪದವನ್ನು ಹಾಗೆಯೇ ಉಳಿಸಿಕೊಂಡರೆ ಕನ್ನಡದ ಓದುಗರಿಗೆ ಅರ್ಥ ತಲೆಕೆಳಗಾಗುತ್ತದೆ.

ಕನ್ನಡದಲ್ಲಿ 'ನನಗೆ ಅವರ ಮೇಲೆ ಅಭಿಮಾನ' ಎಂದರೆ ಅವರು ನಮ್ಮವರೆಂಬ ಹೆಮ್ಮೆ, ಮೆಚ್ಚುಗೆ, ಅಕ್ಕರೆ ಮೂರೂ ಸೇರಿದ ಭಾವ. ಭಾಷಾಭಿಮಾನ, ನಾಡಾಭಿಮಾನ ಎನ್ನುವಾಗಲೂ ಅಭಿಮಾನಿ ಬಳಗ ಎನ್ನುವಾಗಲೂ ಇದೇ ಅರ್ಥ. ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆಯುತ್ತಿದ್ದರಲ್ಲ, ಆ ಮಾತಿನಲ್ಲಿ ಗರ್ವದ ಸುಳಿವಾದರೂ ಇದೆಯೇ? ಇದೇ ಪದ ತನ್ನ ಕಡೆಗೆ ತಿರುಗಿದಾಗ ಮಾತ್ರ, 'ಅವನ ಅಭಿಮಾನಕ್ಕೆ ಪೆಟ್ಟು ಬಿತ್ತು' ಎಂಬಲ್ಲಿಯ ಹಾಗೆ, ಸ್ವಂತ ಗೌರವದ ಅರ್ಥ ಬರುತ್ತದೆ. ಯಾವುದೆಂದು ತಿಳಿಯಲು ಮೊದಲು ಅದರ ಹಿಂದಿನ ಪದವನ್ನು ನೋಡಿ. 'ನಿನ್ನ ಮೇಲೆ' ಎಂದಿದ್ದರೆ ಅದು ಹೊರಕ್ಕೆ ಹರಿಯುವ ಪ್ರೀತಿ, 'ಅವನ ಅಭಿಮಾನ' ಎಂದಷ್ಟೇ ಇದ್ದರೆ ಸಂದರ್ಭ ನೋಡಬೇಕು. ನಿಮ್ಮ ತಾಯಿ 'ನಿನ್ನ ಮೇಲೆ' ಎಂದು ಸ್ಪಷ್ಟವಾಗಿ ಬರೆದಿದ್ದಾರೆ. ಇಂಗ್ಲಿಷಿನಲ್ಲಿ ಅಹಂಕಾರದ 'ಪ್ರೈಡ್' ಒಂದು ಕಡೆಗಿದ್ದರೆ, 'ಪ್ರೌಡ್ ಆಫ್ ಯು' ಎನ್ನುವಾಗಿನ ಪ್ರೌಡ್ ಇನ್ನೊಂದು ಕಡೆಗಿದೆ. ನಿಮಗೆ ಬೇಕಾದದ್ದು ಎರಡನೆಯದು. ಅದರ ಜೊತೆಗೆ 'ಫಾಂಡ್' ಎಂಬ ಪದವನ್ನೂ ಸೇರಿಸಿ ಹೇಳಿದರೆ ಅಭಿಮಾನದ ಮುಕ್ಕಾಲು ಭಾಗ ಆಚೆ ದಡ ಮುಟ್ಟುತ್ತದೆ.

ಹಂಬಲದ ಬಗ್ಗೆ ನೀವು ಕೇಳಿಲ್ಲ, ಆದರೆ ಆ ವಾಕ್ಯವೂ ಮಗಳಿಗೆ ಪೂರ್ತಿ ತಲುಪಿರಲಾರದು. ಆಸೆ ಯಾವುದರ ಮೇಲೂ ಹುಟ್ಟಬಹುದು, ಹೋಳಿಗೆಯ ಮೇಲೂ ಹೊಸ ಸೀರೆಯ ಮೇಲೂ, ಸಿಕ್ಕರೆ ಮುಗಿಯಿತು. ಹಂಬಲ ಹಾಗಲ್ಲ, ಅದು ದಿನಗಟ್ಟಲೆ ಬಿಡದೆ ಒಳಗೇ ಮೆಲುಕು ಹಾಕುವಂಥದ್ದು. ಓದುವ ಹಂಬಲ, ಊರಿಗೆ ಮರಳುವ ಹಂಬಲ ಎನ್ನುತ್ತೇವೆ. ಎಲ್ಲ ಕಡೆಯೂ ಬಯಸಿದ್ದು ಇನ್ನೂ ಮುಂದೆ ಇದೆ, ಸಿಕ್ಕೀತು ಎಂಬ ಎಳೆ ಇದೆ. ಕೈತಪ್ಪಿ ಹೋದದ್ದನ್ನು ನೆನೆದು ಕೊರಗುವುದಕ್ಕೆ ಬೇರೆ ಪದವಿದೆ, ಹಳಹಳಿಕೆ. ಕೆಲವರು ಹಂಬಲವನ್ನು 'ನಾಸ್ಟಾಲ್ಜಿಯಾ' ಎಂದು ಅನುವಾದಿಸುವುದನ್ನು ನೋಡಿದ್ದೇನೆ, ಅದು ಸಲ್ಲದು. ನಾಸ್ಟಾಲ್ಜಿಯಾ ಎಂಬುದು 1688ರಲ್ಲಿ ಯೋಹಾನೆಸ್ ಹೋಫರ್ ಎಂಬ ವೈದ್ಯ ವಿದ್ಯಾರ್ಥಿ, ಪರಊರಿನಲ್ಲಿರುವವರಿಗೆ ತಾಯ್ನೆಲದ ನೆನಪಿನಿಂದ ಬರುವ ಕಾಯಿಲೆಗೆಂದು ಗ್ರೀಕ್ ಪದಗಳನ್ನು ಜೋಡಿಸಿ ಕಟ್ಟಿದ ಹೆಸರು. ಇಂದು ಅದು ಕಳೆದುಹೋದ ಕಾಲವನ್ನು ನೆನೆಯುವುದೇ ಆಗಿದೆ, ನಮ್ಮ ಹಳಹಳಿಕೆಗೆ ಹೆಚ್ಚು ಹತ್ತಿರ. ಅಜ್ಜ ಕಳೆದುಹೋದ ಯಾವುದನ್ನೂ ನೆನೆಯುತ್ತಿಲ್ಲ. ಮೊಮ್ಮಗಳು ಬರಬಹುದಿತ್ತು, ಇನ್ನು ಮುಂದೆಯೂ ಬರಬಹುದು.

'ಲಾಂಗಿಂಗ್' ಸರಿಯಾದ ಪದ, ಆದರೆ ಹುಡುಗಿಯ ಕಿವಿಗೆ ಅದು ಪದ್ಯದ ಮಾತಿನಂತೆ ಕೇಳೀತು. ಅಲ್ಲದೆ ನಿಮ್ಮ ತಾಯಿ ಹಂಬಲಿಸಿ ಎಂದು ಒಂದು ಸಲ ಬರೆದು ಬಿಟ್ಟಿಲ್ಲ, 'ಹಂಬಲಿಸಿ ಹಂಬಲಿಸಿ ಸುಮ್ಮನಾಗಿದ್ದಾರೆ' ಎಂದಿದ್ದಾರೆ. ಹೀಗೆ ಎರಡು ಸಲ ಹೇಳಿದಾಗ ಅದಕ್ಕೆ ಕಾಲದ ಉದ್ದ ಬರುತ್ತದೆ. ಶ್ರಾವಣಕ್ಕೆ ಮುಂಚೆಯೇ ಶುರುವಾಗಿರಬೇಕು: ಶಾಲೆಗೆ ರಜೆ ಯಾವಾಗ, ಟಿಕೆಟ್ ಮಾಡಿಸಿದರೇ, ಜೋಕಾಲಿಗೆ ಹಗ್ಗ ತರಬೇಕಲ್ಲ ಎಂದು ದಿನಕ್ಕೊಮ್ಮೆ ಕೇಳಿರುತ್ತಾರೆ. ಪಂಚಮಿ ಎಂದರೆ ನಿಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ, ಉಂಡಿ ಕಟ್ಟುವ, ಜೋಕಾಲಿ ಜೀಕುವ ಹಬ್ಬ. ಮಗಳು ಮೊಮ್ಮಗಳು ಇಬ್ಬರೂ ಬಾರದ ಪಂಚಮಿ ಆ ಮನೆಗೆ ಹೇಗಿದ್ದೀತು ಎಂಬುದನ್ನು ನಾನು ನಿಮಗೆ ಹೇಳಬೇಕಾಗಿಲ್ಲ, ನಿಮ್ಮ ಮಗಳಿಗೆ ಯಾರಾದರೂ ಹೇಳಬೇಕು. 'ಸುಮ್ಮನಾಗಿದ್ದಾರೆ' ಎಂಬುದನ್ನೂ ಮಾತು ಬಿಟ್ಟಿದ್ದಾರೆ ಎಂದು ಅನುವಾದಿಸಬೇಡಿ. ಕೇಳಿ ಕೇಳಿ ಸೋತು, ಈಗ ಕೇಳುವುದನ್ನು ನಿಲ್ಲಿಸಿದ್ದಾರೆ ಎಂಬುದು ಅದರ ಅರ್ಥ.

ಕೊನೆಯ ವಾಕ್ಯ ನನಗೆ ಬಹಳ ಇಷ್ಟವಾದದ್ದು. 'ಐ ಮಿಸ್ ಯು' ಎಂಬುದಕ್ಕೆ ಕನ್ನಡದಲ್ಲಿ ಒಂದೇ ಕ್ರಿಯಾಪದವಿಲ್ಲ. ಅದಕ್ಕಾಗಿಯೇ ನಗರದ ಹುಡುಗರು 'ಮಿಸ್ ಮಾಡಿಕೊಳ್ಳುತ್ತೇನೆ' ಎಂದು ಹೊಸದು ಕಟ್ಟಿಕೊಂಡಿದ್ದಾರೆ. ಹಾಗೆ ಕಟ್ಟುವಾಗಲೂ ಮುನಿಸಿಕೊಳ್ಳುವಲ್ಲಿ ಕಂಡ ಆ 'ಕೊಳ್ಳು' ತಾನಾಗಿ ಬಂದು ಸೇರಿದೆ. ಪದವಿಲ್ಲವೆಂದರೆ ಭಾವವಿಲ್ಲವೆಂದಲ್ಲ. ನಾವು ಅದನ್ನು 'ನಾನು' ಎಂಬಲ್ಲಿಂದ ಆರಂಭಿಸುವುದಿಲ್ಲ, ಅಷ್ಟೇ. ನಿನ್ನ ನೆನಪಾಗುತ್ತದೆ ಎನ್ನುತ್ತೇವೆ, ನೆನಪು ತಾನಾಗಿ ಆಗುವಂಥದ್ದು. ಪಂಪ ಕ್ರಿ.ಶ. 941ರ ಸುಮಾರಿಗೆ ಅರ್ಜುನನ ಬಾಯಲ್ಲಿ ಬನವಾಸಿಯನ್ನು ಹೊಗಳಿಸುವಾಗಲೂ 'ನೆನೆವುದೆನ್ನ ಮನಂ' ಎಂದೇ ಬರೆದ. ಆನೆಗೆ ಅಂಕುಶ ಹಾಕಿದಂತೆ ಯಾರು ಅಂಕುಶ ಹಾಕಿದರೂ ನನ್ನ ಮನಸ್ಸು ಬನವಾಸಿಯನ್ನು ನೆನೆಯುತ್ತದೆ, ನೆನೆಯುವುದು ಮನಸ್ಸು, ತಡೆಯಲಾರದವನು ಅರ್ಜುನ.

ನಿಮ್ಮ ತಾಯಿ ಇನ್ನೂ ಒಂದು ಹೆಜ್ಜೆ ಆಚೆ ಹೋಗಿದ್ದಾರೆ. ಅವರ ವಾಕ್ಯದಲ್ಲಿ ನೆನೆಯುವ ಮನಸ್ಸೂ ಇಲ್ಲ, ಮನೆ ಮಾತ್ರ ಇದೆ. ಮನೆ ಬಿಕೋ ಎನ್ನುತ್ತಿದೆ. ಬಿಕೋ ಎಂಬುದು ಚುರುಕ್, ಧಗ್, ಭಣಭಣ ಇವುಗಳಂತೆ 'ಎನ್ನು' ಜೊತೆಗೆ ಬರುವ ಅನುಕರಣ ಪದ, ವಿಚಿತ್ರವೆಂದರೆ ಇದು ಸದ್ದಿಲ್ಲದಿರುವುದರ ಅನುಕರಣೆ. ಬಂದ್ ದಿನ ಪತ್ರಿಕೆಗಳು 'ಬಿಕೋ ಎಂದ ರಸ್ತೆಗಳು' ಎಂದು ಬರೆಯುತ್ತವೆ. ಅಲ್ಲಿ ಜನರಿಲ್ಲವೆಂಬ ಸುದ್ದಿಯಷ್ಟೇ ಇರುತ್ತದೆ. ಮನೆಯ ವಿಷಯಕ್ಕೆ ಬಂದಾಗ ಅದೇ ಪದ ಹೇಳುವವರ ಎದೆಯ ಖಾಲಿತನವನ್ನು ಗೋಡೆಗಳ ಮೇಲೆ ಹೊರಿಸುತ್ತದೆ. ನಮಗೆ ನೋವಾಗಿದೆ ಎಂದು ಮಗುವಿಗೆ ಹೇಳಲು ಸಂಕೋಚಪಡುವ ಹಿರಿಯರು ಮನೆಯ ಬಾಯಿಂದ ಹೇಳಿಸುತ್ತಾರೆ. ಇದನ್ನು 'ಗ್ರ್ಯಾಂಡ್‌ಮಾ ಮಿಸಸ್ ಯು' ಎಂದು ಸಪಾಟು ಮಾಡಬೇಡಿ. ನೀನಿಲ್ಲದೆ ಮನೆ 'ಟೂ ಕ್ವಯಟ್' ಆಗಿದೆ ಎಂದು ಮನೆಯನ್ನೇ ಉಳಿಸಿಕೊಳ್ಳಿ. ಅಜ್ಜಿಯ ಸಂಕೋಚವೂ ಆಗ ಜೊತೆಯಲ್ಲಿ ಹೋಗುತ್ತದೆ.

ಎಲ್ಲವನ್ನೂ ಸೇರಿಸಿ ಮಗಳಿಗೆ ಹೀಗೆ ಹೇಳಿ. ಪಂಚಮಿಗೆ ನೀನು ಬರುತ್ತೀಯೆಂದು ಅಜ್ಜ ವಾರಗಟ್ಟಲೆ ಎದುರು ನೋಡಿದರು, ಎಲ್ಲರನ್ನೂ ಕೇಳಿದರು, ಆಮೇಲೆ ಕೇಳುವುದನ್ನು ಬಿಟ್ಟರು. ನೀನು ಬರಲಿಲ್ಲವೆಂದು ಅವರಿಗೆ ನೋವಾಗಿದೆ, ನೀನೇ ಮೊದಲು ಮಾತನಾಡಿಸಲಿ ಎಂದು ಕಾಯುತ್ತಿದ್ದಾರೆ. ಅವರಿಗೂ ಫೋನ್ ಮಾಡಬೇಕೆನಿಸುತ್ತದೆ, ಮೊದಲು ಮಾಡಲು ಆಗುತ್ತಿಲ್ಲ. ನೀನೆಂದರೆ ಅವರಿಗೆ ಎಷ್ಟು ಅಕ್ಕರೆ, ಎಷ್ಟು ಹೆಮ್ಮೆ ಎಂಬುದನ್ನು ಅವರು ನಿನಗೆ ಹೇಳಿಲ್ಲ. ನೀನಿಲ್ಲದೆ ಆ ಮನೆಯಲ್ಲಿ ಸದ್ದೇ ಇಲ್ಲ. ಇದನ್ನು ನಿಮ್ಮ ದಿನದ ಇಂಗ್ಲಿಷಿನಲ್ಲಿ, ಕಾಗದ ಎದುರಿಗಿಟ್ಟುಕೊಂಡು, ಅಜ್ಜಿಯ ಒಂದೊಂದು ವಾಕ್ಯವನ್ನು ಕನ್ನಡದಲ್ಲಿ ಓದಿದ ಮೇಲೆ ಹೇಳಿ. ಮುನಿಸು, ಹಂಬಲ, ಬಿಗುಮಾನ ಎಂಬ ಪದಗಳ ದನಿ ಅವಳಿಗೆ ಕೇಳಿಸಬೇಕು.

ಹೇಳಿದ್ದು ತಲುಪಿತೋ ಇಲ್ಲವೋ ಎಂದು ತಿಳಿಯಲು ಪದದ ಅರ್ಥವನ್ನು ಅವಳಿಂದ ಒಪ್ಪಿಸಿಕೊಳ್ಳಬೇಡಿ. ಅಜ್ಜ ಈಗ ಏನು ಮಾಡುತ್ತಿರಬಹುದು ಎಂದು ಕೇಳಿ. "ನನ್ನನ್ನು ಬೈಯುತ್ತಿರುತ್ತಾರೆ" ಎಂದರೆ ಇನ್ನೂ ಆ್ಯಂಗ್ರಿಯಲ್ಲಿಯೇ ಇದ್ದಾಳೆ. "ಫೋನ್ ಕಡೆ ನೋಡುತ್ತಿರುತ್ತಾರೆ" ಎಂದರೆ ಮುನಿಸು ಅವಳಿಗೆ ಅರ್ಥವಾಗಿದೆ.

ತಡ ಮಾಡುವುದು ಮಾತ್ರ ಬೇಡ. ಮುನಿಸು ತುಂಬ ದಿನ ನಿಂತರೆ ಅದರ ಹೆಸರು ಬದಲಾಗುತ್ತದೆ. ನಾಲ್ಕಾರು ತಿಂಗಳ ಮೇಲೆ ನಿಮ್ಮ ತಾಯಿ ಬರೆಯುವ ಕಾಗದದಲ್ಲಿ ಹಠ ಎಂಬ ಪದ ಬಂದರೆ, ಅಥವಾ ಅಜ್ಜನ ಮನಸ್ಸು ಮುರಿದಿದೆ ಎಂಬ ಮಾತು ಬಂದರೆ, ಆಗ ಒಂದು ಫೋನ್ ಕರೆ ಸಾಲದೆ ಹೋಗಬಹುದು.

ಮಗಳು ಫೋನ್ ಮಾಡುವಾಗ 'ಸಾರಿ' ಎಂದು ಆರಂಭಿಸಿದರೆ ತಪ್ಪೊಪ್ಪಿಗೆಯಾಗುತ್ತದೆ, ಅಜ್ಜನಿಗೆ ಅದು ಬೇಕಾಗಿಲ್ಲ, ಮುಜುಗರವೂ ಆದೀತು. "ಅಜ್ಜಾ, ಇನ್ನೂ ಮುನಿಸೇ?" ಎಂಬ ಮೂರು ಪದಗಳನ್ನು ಕಲಿಸಿ. ಅವಳ ಉಚ್ಚಾರ ಹೇಗಿದ್ದರೂ ಚಿಂತೆಯಿಲ್ಲ. ಅಜ್ಜ ಬಹುಶಃ "ನನಗೆ ಯಾವ ಮುನಿಸು? ಯಾರು ಹೇಳಿದರು ನಿನಗೆ?" ಎನ್ನುತ್ತಾರೆ. ಅದನ್ನು ಕೇಳಿ ಅವಳು, ಅಜ್ಜಿ ಬರೆದದ್ದು ಸುಳ್ಳು ಎಂದುಕೊಂಡು ಫೋನ್ ಇಟ್ಟುಬಿಟ್ಟಾಳು. ಆ ಮಾತು ಬಂದಿತೆಂದರೆ ಮುನಿಸು ಕಳೆಯಿತು ಎಂದೇ ಅರ್ಥ, ಮುಂದಿನ ಪಂಚಮಿಯ ಮಾತು ತೆಗೆಯಲು ಅದೇ ಹೊತ್ತು ಎಂದು ಮೊದಲೇ ಹೇಳಿಟ್ಟಿರಿ.